ಕಂಪನಿ ಡಿಲಿಸ್ಟ್ ಆಗಿದೆ, ಮಾವನವರು ಷೇರು ಕೊಡಲ್ಲ ಅಂತಾರೆ. ಮುಂದೇನು?

ಬಸವನಗುಡಿ ಸೊಸೆ

ಎಲ್ಲರಿಗೂ ನಮಸ್ಕಾರ. ನಮ್ಮ ಮಾವನವರು ಪೀಣ್ಯದ ಒಂದು ವಿದೇಶಿ ಮಾಲೀಕತ್ವದ ಕಂಪನಿಯಲ್ಲಿ 31 ವರ್ಷ ಕೆಲಸ ಮಾಡಿ ನಿವೃತ್ತರಾದವರು. ಕೆಲಸದಲ್ಲಿದ್ದಾಗಲೇ ಅದರ ಷೇರು ಕೊಂಡಿದ್ದರು. ಈಗ 220 ಷೇರು ಇವೆ, ಎಲ್ಲ ಡಿಮ್ಯಾಟ್‌ನಲ್ಲಿ. ಹೋದ ವರ್ಷ ಕಂಪನಿ ಡಿಲಿಸ್ಟ್ ಆಯಿತು, ಅಂದರೆ ಷೇರು ಮಾರುಕಟ್ಟೆಯಿಂದ ಹೊರಗೆ ಹೋಯಿತು. 3,000 ರೂಪಾಯಿಗೆ ಒಂದು ಷೇರಿನಂತೆ ಕೊಡ್ತೀವಿ ಅಂತ ಪತ್ರ ಬಂದಿತ್ತು. ಮಾವನವರು ಅದನ್ನು ದೇವರ ಮನೆಯ ಕಪಾಟಿನಲ್ಲಿ ಇಟ್ಟು ಸುಮ್ಮನಾದರು. ಮೊನ್ನೆ ಇನ್ನೊಂದು ಪತ್ರ ಬಂದಿದೆ. ಕೊಡೋಕೆ ಇನ್ನು ಆರು ವಾರ ಮಾತ್ರ ಸಮಯವಂತೆ.

ಮಾವ ಹೇಳೋದು ಒಂದೇ ಮಾತು. "ನನ್ನ ಷೇರು, ನನಗಿಷ್ಟ ಇಲ್ಲ, ನಾನು ಕೊಡಲ್ಲ." ಡಿವಿಡೆಂಡ್ ಚೆನ್ನಾಗಿ ಬರುತ್ತಿದೆ, ನಿಜ. ನಮ್ಮವರು ಕೊಟ್ಟುಬಿಡಿ ಅಂತಾರೆ. ಮನೆಯಲ್ಲಿ ದಿನಾ ಇದೇ ಮಾತು. ಕೊಡದೆ ಕೂತರೆ ನಿಜವಾಗಿ ಏನಾಗುತ್ತೆ?

ಕೋರಮಂಗಲ ಟ್ರೇಡರ್

ಅಕ್ಕ, ಯೋಚನೆನೇ ಮಾಡಬೇಡಿ, ಕೊಟ್ಟುಬಿಡಿ. ಡಿಲಿಸ್ಟ್ ಆದಮೇಲೆ ಷೇರಿಗೆ ಬೆಲೆ ಸೊನ್ನೆ. ನನ್ನ ಆ್ಯಪ್‌ನಲ್ಲಿ ಅಂಥ ಒಂದು ಷೇರು ಇದೆ, 0.00 ಅಂತಲೇ ತೋರಿಸುತ್ತೆ.

ಪೀಣ್ಯ ಎರಡನೇ ಹಂತ

ಟ್ರೇಡರ್ ತಮ್ಮ, ಆ್ಯಪ್ ಸೊನ್ನೆ ತೋರಿಸಿದರೆ ಕಂಪನಿ ಸೊನ್ನೆ ಆಗುತ್ತಾ? ಫ್ಯಾಕ್ಟರಿ ಅಲ್ಲೇ ಇದೆ, ಲೇತ್ ತಿರುಗ್ತಾ ಇದೆ, ಲಾಭ ಬರ್ತಾ ಇದೆ.

ಮೇಡಂ, ನಿಮ್ಮ ಮಾವನವರು ಹೇಳೋದೇ ಸರಿ. ಸಹಿ ಇಲ್ಲದೆ ಯಾರೂ ಷೇರು ಕಿತ್ಕೊಳ್ಳೋಕೆ ಆಗಲ್ಲ. ಅದು ಆಸ್ತಿ. ನಾನೂ ಹೀಗೇ ಒಂದು ಕಂಪನಿಯ ಷೇರು ಇಟ್ಟುಕೊಂಡು ಕೂತಿದ್ದೇನೆ. ವರ್ಷಕ್ಕೊಮ್ಮೆ ಡಿವಿಡೆಂಡ್, ವಾರ್ಷಿಕ ಸಭೆಯ ಅಂದರೆ ಎಜಿಎಂ ನೋಟಿಸ್, ವಾರ್ಷಿಕ ವರದಿ ಎಲ್ಲ ಬರುತ್ತೆ.

ರಾಜಾಜಿನಗರ ಸಿಎಸ್

ನಾನು ಕಂಪನಿ ಸೆಕ್ರೆಟರಿ, ಇಂಥ ಎರಡು ಡಿಲಿಸ್ಟಿಂಗ್‌ಗಳಲ್ಲಿ ಕಾಗದ ಪತ್ರದ ಕೆಲಸ ಮಾಡಿದ್ದೇನೆ. ಮೇಲಿನ ಇಬ್ಬರೂ ಅರ್ಧ ಸರಿ.

ಬೆಲೆ ಸೊನ್ನೆ ಆಗಲ್ಲ. ಷೇರು ಡಿಮ್ಯಾಟ್‌ನಲ್ಲೇ ಇರುತ್ತೆ, ವೋಟಿನ ಹಕ್ಕು, ಡಿವಿಡೆಂಡ್ ಹಕ್ಕು ಎಲ್ಲ ಹಾಗೇ ಇರುತ್ತೆ. ಆದರೆ "ಸಹಿ ಇಲ್ಲದೆ ಯಾರೂ ತೆಗೆಯೋಕೆ ಆಗಲ್ಲ" ಅನ್ನೋದು ತಪ್ಪು. ತೆಗೆಯಬಹುದು. ದುಡ್ಡು ಕೊಟ್ಟೇ ತೆಗೀತಾರೆ, ಆದರೆ ಎಷ್ಟು ಕೊಡಬೇಕು ಅನ್ನೋದರಲ್ಲಿ ನಿಮ್ಮ ಮಾತು ಜಾಸ್ತಿ ನಡೆಯಲ್ಲ.

ಮೇಡಂ, ಆ 3,000 ರೂಪಾಯಿ ಎಲ್ಲಿಂದ ಬಂತು ಅಂತ ಪತ್ರದಲ್ಲಿ ನೋಡಿ ಹೇಳ್ತೀರಾ? ಒಟ್ಟು ಷೇರು ಎಷ್ಟು, ಪ್ರೊಮೋಟರ್ ಅಂದರೆ ಕಂಪನಿಯ ಮುಖ್ಯ ಮಾಲೀಕರ ಹತ್ತಿರ ಎಷ್ಟಿತ್ತು, ಫ್ಲೋರ್ ಪ್ರೈಸ್ ಅಂದರೆ ಕನಿಷ್ಠ ಬೆಲೆ ಎಷ್ಟು?

ಬಸವನಗುಡಿ ಸೊಸೆ

ಕಪಾಟಿನಿಂದ ತೆಗೆಸಿ ನೋಡಿದೆ ಸರ್. ಒಟ್ಟು ಒಂದು ಕೋಟಿ ಷೇರು. ವಿದೇಶದ ಮೂಲ ಕಂಪನಿ ಹತ್ತಿರ 75 ಲಕ್ಷ. ಫ್ಲೋರ್ ಪ್ರೈಸ್ 1,850. ಕೊನೆಗೆ ನಿಗದಿಯಾದ ಬೆಲೆ 3,000. ಈಗ ಅವರ ಹತ್ತಿರ ಶೇ 91 ಇದೆಯಂತೆ.

ರಾಜಾಜಿನಗರ ಸಿಎಸ್

ಸರಿ. ಈ ಲೆಕ್ಕ ಗೊತ್ತಾದರೆ ಮುಂದಿನದು ಸುಲಭ.

ಪ್ರೊಮೋಟರ್‌ಗೆ ಡಿಲಿಸ್ಟ್ ಮಾಡಬೇಕಾದರೆ ಒಟ್ಟು ಶೇ 90 ಮುಟ್ಟಬೇಕು. ಅಂದರೆ 75 ಲಕ್ಷದ ಮೇಲೆ ಇನ್ನೂ 15 ಲಕ್ಷ ಷೇರು ಬೇಕಿತ್ತು. ಜನ ತಮಗೆ ಬೇಕಾದ ಬೆಲೆ ಬರೆದು ಷೇರು ಒಪ್ಪಿಸ್ತಾರೆ. 1,850ಕ್ಕೆ 6 ಲಕ್ಷ ಬಂತು ಅಂತ ಇಟ್ಟುಕೊಳ್ಳಿ, 2,100ಕ್ಕೆ 5 ಲಕ್ಷ, 2,400ಕ್ಕೆ 3 ಲಕ್ಷ. ಅಲ್ಲಿಗೆ 14 ಲಕ್ಷ. ಇನ್ನೂ ಒಂದು ಲಕ್ಷ ಸಾಲದು. ಆಮೇಲೆ 3,000ಕ್ಕೆ ಬರೆದವರು 2 ಲಕ್ಷ. ಅಲ್ಲಿ 15 ಲಕ್ಷ ದಾಟಿತು. ಹಾಗಾಗಿ ಬೆಲೆ 3,000. 1,850 ಬರೆದವರಿಗೂ 3,000 ಸಿಗುತ್ತೆ. 3,500 ಬರೆದವರದ್ದು ವಾಪಸ್. ಮಧ್ಯದ ಅಂಕಿ ನನ್ನ ಊಹೆ, ನಿಮ್ಮ ಶೇ 91ಕ್ಕೆ ಹೊಂದುವ ಹಾಗೆ ಹಾಕಿದ್ದೇನೆ.

ಇದರಲ್ಲಿ ನೋಡಬೇಕಾದ್ದು ಏನು? ಫ್ಲೋರ್‌ನಿಂದ 3,000ಕ್ಕೆ ಏರಿಸಿದವರು ಕೊನೆಯ ಆ ಎರಡು ಲಕ್ಷ ಷೇರಿನವರು. ಒಲ್ಲೆ ಅನ್ನೋ ಮಾತಿಗೆ ಆಗ ಬೆಲೆ ಇತ್ತು. ನಿಮ್ಮ ಮಾವನಂಥವರು ಸಾಕಷ್ಟು ಜನ ದೂರ ಉಳಿದಿದ್ದರೆ ಡಿಲಿಸ್ಟಿಂಗೇ ನಡೀತಿರಲಿಲ್ಲ. 2020ರಲ್ಲಿ ವೇದಾಂತದ್ದು ಹಾಗೇ ಬಿತ್ತು. 134 ಕೋಟಿ ಷೇರು ಬೇಕಿತ್ತು, ಬಂದಿದ್ದು 125 ಕೋಟಿ ಚಿಲ್ಲರೆ. ಎಲ್‌ಐಸಿ 320 ರೂಪಾಯಿ ಕೇಳಿತ್ತು, ಪ್ರೊಮೋಟರ್ ಮೊದಲು ಹೇಳಿದ್ದ ಬೆಲೆ 87.50.

ಇನ್ನೊಂದು ವಿಷಯ. ಡಿಲಿಸ್ಟಿಂಗ್ ಪ್ರಸ್ತಾಪ ಪಾಸ್ ಆಗಬೇಕಾದರೆ ಸಾರ್ವಜನಿಕ ಷೇರುದಾರರ ಪೈಕಿ ಪರ ಬಿದ್ದ ವೋಟು ವಿರೋಧದ ಎರಡರಷ್ಟಾದರೂ ಇರಬೇಕು. ಅಲ್ಲಿ ಪ್ರೊಮೋಟರ್ ವೋಟು ಲೆಕ್ಕಕ್ಕಿಲ್ಲ. ಡಿಲಿಸ್ಟ್ ಆದಮೇಲೆ ಈ ರಕ್ಷಣೆ ಹೋಗುತ್ತೆ. ಈಗ ಯಾವ ವಿಶೇಷ ನಿರ್ಣಯಕ್ಕೂ ಬೇಕಾಗಿರೋದು ಚಲಾಯಿಸಿದ ವೋಟಿನ ಮುಕ್ಕಾಲು ಪಾಲು. ಅವರ ಹತ್ತಿರವೇ 91 ಇದೆ. ಉಳಿದವರೆಲ್ಲ ಸೇರಿ ಕೈ ಎತ್ತಿದರೂ ಒಂಬತ್ತೇ.

ಕೋರಮಂಗಲ ಟ್ರೇಡರ್

ಈಗ ಫಿಕ್ಸೆಡ್ ಪ್ರೈಸ್ ಅಂತಲೂ ಬಂದಿದೆ ಅಲ್ವಾ ಸರ್?

ರಾಜಾಜಿನಗರ ಸಿಎಸ್

ಹೌದು, 2024ರಿಂದ. ಫ್ಲೋರ್ ಮೇಲೆ ಕನಿಷ್ಠ ಶೇ 15 ಸೇರಿಸಿ ಪ್ರೊಮೋಟರೇ ಒಂದು ಬೆಲೆ ಹೇಳಬಹುದು. ಅಲ್ಲಿ ನೀವು ಬೆಲೆ ಬರೆಯೋ ಹಾಗಿಲ್ಲ, ಕೊಡ್ತೀರಾ ಇಲ್ವಾ ಅಷ್ಟೇ. ಇವರದ್ದು ಅದಲ್ಲ, ಬಿಡಿ.

ಪೀಣ್ಯ ಎರಡನೇ ಹಂತ

ಸರ್, 91 ಇದ್ದರೆ ಇರಲಿ. ನನ್ನ ಡಿಮ್ಯಾಟ್‌ನಿಂದ ಷೇರು ಹೇಗೆ ತೆಗೀತಾರೆ? ಅದನ್ನು ಹೇಳಿ.

ರಾಜಾಜಿನಗರ ಸಿಎಸ್

ಜಾಸ್ತಿ ಬಳಸೋ ದಾರಿ ಕಂಪನಿ ಕಾಯ್ದೆಯ ಸೆಕ್ಷನ್ 66. ಬಂಡವಾಳ ಕಡಿತ. ಪ್ರೊಮೋಟರ್ ಬಿಟ್ಟು ಉಳಿದವರ ಷೇರನ್ನೆಲ್ಲ ರದ್ದು ಮಾಡ್ತೀವಿ, ಷೇರಿಗೆ ಇಷ್ಟು ಕೊಡ್ತೀವಿ ಅಂತ ನಿರ್ಣಯ ಮಾಡ್ತಾರೆ. ಅದನ್ನು ಕಂಪನಿಗಳ ನ್ಯಾಯಮಂಡಳಿ ಎನ್‌ಸಿಎಲ್‌ಟಿ ಒಪ್ಪಬೇಕು. ಬೆಂಗಳೂರಿನ ಕಂಪನಿಯಾದರೆ ಇಲ್ಲಿನ ಪೀಠಕ್ಕೇ ಬರುತ್ತೆ. ಒಪ್ಪಿಗೆ ಸಿಕ್ಕಮೇಲೆ ನಿಮ್ಮ ಸಹಿ ಬೇಡ, ಷೇರು ವರ್ಗಾಯಿಸೋ ಡಿಐಎಸ್ ಸ್ಲಿಪ್ ಬೇಡ. ಡಿಮ್ಯಾಟ್‌ನಲ್ಲಿದ್ದ ಷೇರು ಮಾಯ, ಬ್ಯಾಂಕ್ ಖಾತೆಗೆ ದುಡ್ಡು. ನೀವು ಮಾರಿದ್ದೇ ಅಲ್ಲ, ಷೇರೇ ಇಲ್ಲವಾಯಿತು.

ಇದು ಕಾಗದದ ಮೇಲಿನ ಕತೆಯಲ್ಲ. ಕ್ಯಾಡ್‌ಬರಿ ಇಂಡಿಯಾ ನೋಡಿ. 2002ರಲ್ಲಿ ಮೂಲ ಕಂಪನಿ ಷೇರಿಗೆ 500 ರೂಪಾಯಿ ಕೊಟ್ಟು ಕೊಳ್ಳೋಕೆ ಶುರು ಮಾಡಿತು. 2003ರಲ್ಲಿ ಡಿಲಿಸ್ಟ್. ಒಂದಿಷ್ಟು ಜನ ಕೊಡಲೇ ಇಲ್ಲ. 2009ರಲ್ಲಿ ಬಂಡವಾಳ ಕಡಿತದ ನಿರ್ಣಯ ಬಂತು, ಬೆಲೆ 1,340. ಸಣ್ಣ ಷೇರುದಾರರು ಬಾಂಬೆ ಹೈಕೋರ್ಟ್‌ಗೆ ಹೋದರು. ಕೋರ್ಟ್ ತಾನೇ ಬೇರೆ ಮೌಲ್ಯಮಾಪಕರನ್ನು ನೇಮಿಸಿತು. ಕೊನೆಗೆ 2014ರಲ್ಲಿ ತೀರ್ಮಾನವಾದ ಬೆಲೆ 2,014.50.

ಪೀಣ್ಯ ಎರಡನೇ ಹಂತ

ನೋಡಿದ್ರಾ! 500 ಎಲ್ಲಿ, 2,014 ಎಲ್ಲಿ. ಕೂತವರೇ ಗೆದ್ದರು.

ರಾಜಾಜಿನಗರ ಸಿಎಸ್

ಗೆದ್ದರು. ಹನ್ನೆರಡು ವರ್ಷ ಕೂತರು. ನಾಲ್ಕು ಪಟ್ಟು ಅಂದರೆ ವರ್ಷಕ್ಕೆ ಶೇ 12-13ರ ಲೆಕ್ಕ, ಡಿವಿಡೆಂಡ್ ಬೇರೆ. ಕೆಟ್ಟದ್ದಲ್ಲ. ಆದರೆ ಮಧ್ಯದಲ್ಲಿ ಮಗಳ ಮದುವೆಗೆ ದುಡ್ಡು ಬೇಕು ಅಂದಿದ್ದರೆ ಮಾರೋಕೆ ಸಂತೆಯೇ ಇರಲಿಲ್ಲ. ಅನ್‌ಲಿಸ್ಟೆಡ್ ಷೇರಿನ ದಲ್ಲಾಳಿಗಳು ಹೇಳಿದ ರೇಟಿಗೆ ಕೊಡಬೇಕು. ಇನ್ನೊಂದು, ಕೋರ್ಟಿನವರೆಗೆ ಹೋಗಿ ಹೋರಾಡಿದವರು ಅಲ್ಲಿದ್ದರು. ಎಲ್ಲ ಕಂಪನಿಯಲ್ಲೂ ಅಂಥವರು ಇರಲ್ಲ. ಬೆಲೆ ತೀರಾ ಅನ್ಯಾಯ ಅನ್ನಿಸದೆ ಕೋರ್ಟ್ ಕೈ ಹಾಕೋದು ಕಮ್ಮಿ. ಮೌಲ್ಯಮಾಪಕರ ವರದಿ ಇದ್ದು, ಲೆಕ್ಕದಲ್ಲಿ ಎದ್ದು ಕಾಣೋ ತಪ್ಪಿಲ್ಲ ಅಂದರೆ ಬಹುಪಾಲು ಒಪ್ಪಿಗೆ ಆಗುತ್ತೆ. ಷೇರಿಗೆ ಮಾರುಕಟ್ಟೆ ಇಲ್ಲ ಅನ್ನೋ ಕಾರಣಕ್ಕೆ ಮೌಲ್ಯಮಾಪಕರು ಬೆಲೆಯಲ್ಲಿ ಒಂದಿಷ್ಟು ಮುರಿಯೋದೂ ಉಂಟು. ಮಾರುಕಟ್ಟೆ ತೆಗೆದವರೇ ಆಮೇಲೆ ಮಾರುಕಟ್ಟೆ ಇಲ್ಲ ಅಂತ ರಿಯಾಯಿತಿ ತಗೊಳ್ಳೋದು. ನನಗೆ ಅದು ಸರಿ ಕಾಣಲ್ಲ, ಆದರೆ ನಡೆಯುತ್ತೆ.

ಹೆಬ್ಬಾಳದ ಐಟಿ

ಹೆಕ್ಸಾವೇರ್ ಮರೆತ್ರಾ? 2020ರಲ್ಲಿ 475ಕ್ಕೆ ಡಿಲಿಸ್ಟ್. ನನ್ನ ಸಹೋದ್ಯೋಗಿ ನೌಕರರಿಗೆ ಕಂಪನಿ ಕೊಡೋ ಇಎಸ್‌ಒಪಿ ಷೇರು ಕೊಡದೆ ಇಟ್ಟುಕೊಂಡಿದ್ದ. 2025ರ ಫೆಬ್ರವರಿಯಲ್ಲಿ ಮತ್ತೆ ಐಪಿಒ, 708 ರೂಪಾಯಿ. ಐದು ವರ್ಷಕ್ಕೆ ಶೇ 49 ಅಷ್ಟೇ. ಅದಕ್ಕೆ ಎಫ್‌ಡಿನೇ ವಾಸಿ ಅಲ್ವಾ?

ರಾಜಾಜಿನಗರ ಸಿಎಸ್

ಅಲ್ಲಿ ಒಂದು ಲೆಕ್ಕ ತಪ್ಪಿದೆ. ಡಿಲಿಸ್ಟ್ ಆಗುವಾಗ ಮುಖಬೆಲೆ 2 ರೂಪಾಯಿ, ಐಪಿಒ ಬಂದಾಗ 1 ರೂಪಾಯಿ. ಮಧ್ಯೆ ಒಂದು ಷೇರು ಎರಡಾಗಿದೆ. ಹಾಗಾಗಿ 475ರ ಒಂದು ಷೇರಿಗೆ 708ರ ಎರಡು, ಅಂದರೆ 1,416. ನಿಮ್ಮ ಸಹೋದ್ಯೋಗಿಗೆ ಮೂರು ಪಟ್ಟು ಬಂದಿದೆ, ಅವರಿಗೇ ಗೊತ್ತಿರಬೇಕು.  ಆದರೆ ಇಎಸ್‌ಒಪಿ ಅಲ್ಲದೆ ಮೊದಲೇ ಷೇರು ಇದ್ದ ಬೇರೆಯವರು ಐಪಿಒ ಆಗಿ ಆರು ತಿಂಗಳು ಮಾರೋ ಹಾಗಿರಲಿಲ್ಲ, ಅದು ಲಾಕ್-ಇನ್.

ಮೇಡಂ, ಹೆಕ್ಸಾವೇರ್ ನೋಡಿ ಆಸೆ ಪಡೋ ಮುಂಚೆ ಒಂದು ವ್ಯತ್ಯಾಸ ಗಮನಿಸಿ. ಅದನ್ನು ಡಿಲಿಸ್ಟ್ ಮಾಡಿದ್ದು ಬೇರಿಂಗ್ ಅನ್ನೋ ಪ್ರೈವೇಟ್ ಇಕ್ವಿಟಿ, ಆಮೇಲೆ ಅವರು ಕಾರ್ಲೈಲ್‌ಗೆ ಮಾರಿದರು. ಇಂಥವರು ಇವತ್ತಲ್ಲ ನಾಳೆ ಮಾರಲೇಬೇಕು. ಮಾರೋಕೆ ಐಪಿಒ ಬೇಕು. ಅಲ್ಲಿ ಸಣ್ಣವರೂ ಅವರ ಜೊತೆ ಹೊರಗೆ ಬರ್ತಾರೆ. ನಿಮ್ಮದು ವಿದೇಶದ ಮೂಲ ಕಂಪನಿ. ಅವರಿಗೆ ಮಾರೋ ಉದ್ದೇಶ ಇಲ್ಲ, ಅವರಿಗೆ ಬೇಕಿರೋದು ನೂರಕ್ಕೆ ನೂರು. ಅದು ಕ್ಯಾಡ್‌ಬರಿ ದಾರಿ.

ತಿಪಟೂರು ತೆಂಗು

ಒಳ್ಳೆ ಮಾಹಿತಿ ಸರ್. ನಮ್ಮ ತಂದೆಯವರ ಹೆಸರಲ್ಲಿ ಒಂದು ಬೆಂಗಳೂರಿನ ಕಂಪನಿಯ ಕಾಗದದ ಷೇರು ಸರ್ಟಿಫಿಕೇಟ್ ಇದೆ. ಬೆಂಗಳೂರು ಸ್ಟಾಕ್ ಎಕ್ಸ್‌ಚೇಂಜ್‌ನಲ್ಲಿ ಮಾತ್ರ ಇತ್ತಂತೆ. ನಮಗೂ ಹೀಗೆ ಪತ್ರ ಬರುತ್ತಾ? ಜೆ.ಸಿ. ರಸ್ತೆಗೆ ಹೋಗಿ ಕೇಳಿದರೆ ಆಗುತ್ತಾ?

ರಾಜಾಜಿನಗರ ಸಿಎಸ್

ಅಣ್ಣ, ನಿಮ್ಮದು ಬೇರೆಯೇ ಕತೆ. ಆ ಎಕ್ಸ್‌ಚೇಂಜ್ 2014ರ ಡಿಸೆಂಬರ್‌ನಲ್ಲೇ ಮುಚ್ಚಿದೆ, ಜೆ.ಸಿ. ರಸ್ತೆಗೆ ಹೋಗಿ ಉಪಯೋಗ ಇಲ್ಲ. ಇಲ್ಲಿ ಪ್ರೊಮೋಟರ್ ತಾನಾಗಿ ಬಂದು ಕೊಳ್ಳೋ ಮಾತಾಡ್ತಿದ್ದೇವೆ. ನಿಮ್ಮ ಕಂಪನಿ ಬದುಕಿದೆಯಾ ಅಂತ ಮೊದಲು ನೋಡಬೇಕು. ಕೇಂದ್ರದ ಕಂಪನಿ ವ್ಯವಹಾರ ಸಚಿವಾಲಯದ ಎಂಸಿಎ ವೆಬ್‌ಸೈಟ್‌ನಲ್ಲಿ ಹೆಸರು ಹಾಕಿ. `Active` ಅಂತ ಇದ್ದರೆ ಆಸೆ ಇದೆ, `Strike Off` ಅಂತ ಇದ್ದರೆ ಕಷ್ಟ. ಬೇರೆ ಚರ್ಚೆ ಶುರು ಮಾಡಿ, ಅಲ್ಲಿ ಬರೀತೀನಿ.

ಪೀಣ್ಯ ಎರಡನೇ ಹಂತ

ಸಿಎಸ್ ಸರ್, ನಾನು ಕೇಳಿದ್ದೇನೆ, ಶೇ 90 ದಾಟಿದವರು ಉಳಿದವರ ಷೇರನ್ನು ಕೊಳ್ಳಲೇಬೇಕು ಅಂತ ಕಾಯ್ದೆಯಲ್ಲೇ ಇದೆಯಂತೆ. ಸೆಕ್ಷನ್ 236. ಹಾಗಿದ್ದರೆ ನಾವೇ ಅವರನ್ನು ಹಿಡಿದು ಕೊಳ್ಳಿ ಅನ್ನಬಹುದಲ್ಲ?

ರಾಜಾಜಿನಗರ ಸಿಎಸ್

ಇದರಲ್ಲಿ ವಕೀಲರೇ ಒಂದು ಮಾತಿಗೆ ಬಂದಿಲ್ಲ. ವಿಲೀನ, ಷೇರು ವಿನಿಮಯ, ಇಲ್ಲವೇ "ಬೇರೆ ಯಾವುದೇ ಕಾರಣದಿಂದ" ಶೇ 90 ಮುಟ್ಟಿದರೆ ಅಂತ ಅಲ್ಲಿದೆ. ಆ "ಬೇರೆ ಯಾವುದೇ ಕಾರಣ"ದಲ್ಲಿ ಡಿಲಿಸ್ಟಿಂಗ್‌ನಲ್ಲಿ ಕೊಂಡಿದ್ದೂ ಸೇರುತ್ತಾ ಅನ್ನೋದೇ ಜಗಳ. ಅದಕ್ಕೇ ಕಂಪನಿಗಳು 66ರ ದಾರಿಯನ್ನೇ ಹಿಡೀತಾವೆ. ನಾನು ಇದರ ಮೇಲೆ ಭರವಸೆ ಇಟ್ಟು ಕೂರಲ್ಲ.

ನಿಮ್ಮ ಸಹಿಯ ಮಾತಿಗೆ ಇನ್ನೊಂದು ಉದಾಹರಣೆ ಇದೆ. ಐಸಿಐಸಿಐ ಸೆಕ್ಯುರಿಟೀಸ್ 2025ರ ಮಾರ್ಚ್‌ನಲ್ಲಿ ಡಿಲಿಸ್ಟ್ ಆಯಿತು. ಅಲ್ಲಿ ಬೆಲೆ ಬರೆಯೋದೇ ಇರಲಿಲ್ಲ. ಅದರ 100 ಷೇರಿಗೆ ಬ್ಯಾಂಕಿನ 67 ಷೇರು ಅಂತ ಯೋಜನೆ. ವಿರೋಧಿಸಿದವರು ಎನ್‌ಸಿಎಲ್‌ಟಿಗೂ, ಅಲ್ಲಿಂದ ಮೇಲ್ಮನವಿಗೂ ಹೋದರು, ಸೋತರು. ಒಪ್ಪದವರ ಷೇರೂ ಬ್ಯಾಂಕ್ ಷೇರಾಗಿ ಬದಲಾಯಿತು.

ಜಯನಗರ 4ನೇ ಬ್ಲಾಕ್ ಆಡಿಟರ್

ತಡವಾಗಿ ನೋಡಿದೆ. ಎಲ್ಲರೂ ಬೆಲೆ ಬಗ್ಗೆ ಮಾತಾಡ್ತಿದ್ದೀರಿ, ತೆರಿಗೆ ಯಾರೂ ಮುಟ್ಟಲಿಲ್ಲ.

ಮೇಡಂ, ಮಾವನವರು ಹೋದ ವರ್ಷವೇ ಎಕ್ಸ್‌ಚೇಂಜ್ ಮೂಲಕ ಕೊಟ್ಟಿದ್ದರೆ ಷೇರು ವಹಿವಾಟಿನ ತೆರಿಗೆ ಎಸ್‌ಟಿಟಿ ಕಟ್ಟಿದ ಹಾಗೆ. 2018ರ ಜನವರಿ 31ರ ಬೆಲೆಯನ್ನು ಅಸಲು ಅಂತ ತೋರಿಸಬಹುದಿತ್ತು. 1.25 ಲಕ್ಷದವರೆಗಿನ ಲಾಭಕ್ಕೆ ತೆರಿಗೆ ಇಲ್ಲ. ಈಗ ಕೊಡೋದು ನೇರ ವರ್ಗಾವಣೆ, ಎಸ್‌ಟಿಟಿ ಇಲ್ಲ, ಆ ಎರಡು ಅನುಕೂಲವೂ ಇಲ್ಲ. ದರ ಮಾತ್ರ ಅದೇ ಶೇ 12.5.

220 ಷೇರಿಗೆ 6,60,000 ರೂಪಾಯಿ. 2018ರ ಬೆಲೆ 1,400 ಇತ್ತು ಅಂತ ಇಟ್ಟುಕೊಂಡರೆ ಆಗ ತೆರಿಗೆ ಸುಮಾರು 28,000 ಆಗುತ್ತಿತ್ತು. ಈಗ ಅಸಲಿಗೆ 2001ರ ಬೆಲೆಗೆ ಹೋಗಬೇಕು. ಅದು 90 ರೂಪಾಯಿ ಅಂತಿದ್ದರೆ ತೆರಿಗೆ ಸುಮಾರು 80,000, ಮೇಲೆ ಸೆಸ್. ದೇವರ ಮನೆ ಕಪಾಟಿನ ಖರ್ಚು ಇದು. ಮಾವನವರಿಗೆ ಬೇರೆ ಆದಾಯ ಕಮ್ಮಿ ಇದ್ದರೆ ಸ್ವಲ್ಪ ಇಳಿಯುತ್ತೆ.

ಕೊಡದೆ ಕೂತು, ಮುಂದೆ ಬಂಡವಾಳ ಕಡಿತ ಆದರೆ ಇನ್ನೂ ಒಂದು ಪೆಟ್ಟು. ಕಂಪನಿಯಲ್ಲಿ ಕೂಡಿಟ್ಟ ಲಾಭ ಎಷ್ಟಿದೆಯೋ ಅಷ್ಟರ ಮಟ್ಟಿಗೆ ಬಂದ ದುಡ್ಡನ್ನು ಡಿವಿಡೆಂಡ್ ಅಂತಲೇ ಲೆಕ್ಕ ಹಾಕ್ತಾರೆ. ಶೇ 12.5 ಅಲ್ಲ, ಅವರವರ ಸ್ಲ್ಯಾಬ್ ದರ. ಶೇ 30ರ ಸ್ಲ್ಯಾಬ್‌ನಲ್ಲಿ ಇರುವ ಮಗನಿಗೆ ಷೇರು ಬಂದಮೇಲೆ ಹಾಗಾದರೆ ಏನಾಗುತ್ತೆ ಅಂತ ನೀವೇ ಲೆಕ್ಕ ಹಾಕಿ.

ಪೀಣ್ಯ ಎರಡನೇ ಹಂತ

ಈ ಡಿವಿಡೆಂಡ್ ವಿಷಯ ನನಗೆ ಗೊತ್ತಿರಲಿಲ್ಲ. ನನ್ನ ಎಕ್ಸಿಟ್ ಸಮಯ ಮುಗಿದು ಮೂರು ವರ್ಷ ಆಯ್ತು. ಈಗ ನಾನೇನು ಮಾಡಲಿ?

ರಾಜಾಜಿನಗರ ಸಿಎಸ್

ಸಾರ್, ಮೊದಲು ಕಂಪನಿ ಮೇಲೆ ಕಣ್ಣಿಡಿ. ಡಿಲಿಸ್ಟ್ ಆದಮೇಲೆ ಮೂರು ತಿಂಗಳ ಫಲಿತಾಂಶ ಬರಲ್ಲ. ಆದರೆ ವಾರ್ಷಿಕ ಲೆಕ್ಕ ಎಂಸಿಎಗೆ ಹಾಕಲೇಬೇಕು, 100 ರೂಪಾಯಿ ಕಟ್ಟಿದರೆ ಯಾರು ಬೇಕಾದರೂ ನೋಡಬಹುದು. ಅದರಲ್ಲಿ ಮೂಲ ಕಂಪನಿಗೆ ಕಟ್ಟೋ ರಾಯಲ್ಟಿ, ತಾಂತ್ರಿಕ ಸೇವಾ ಶುಲ್ಕ ಎಷ್ಟು ಅಂತ ನೋಡಿ. ಮಾರಾಟ ಅಷ್ಟೇ ಇದ್ದು ಆ ಅಂಕಿ ಮಾತ್ರ ಏರ್ತಾ ಇದ್ದರೆ, ನಿಮಗೆ ಬರಬೇಕಾದ ಲಾಭ ಬೇರೆ ದಾರಿಯಲ್ಲಿ ಹೋಗ್ತಿದೆ. ಗುಂಪಿನ ಬೇರೆ ಕಂಪನಿಗೆ ಸಾಲ ಕೊಡೋದು ಶುರುವಾಯಿತಾ, ಡಿವಿಡೆಂಡ್ ಇದ್ದಕ್ಕಿದ್ದ ಹಾಗೆ ನಿಂತಿತಾ, ಅದನ್ನೂ ನೋಡಿ. ಡಿವಿಡೆಂಡ್ ನಿಲ್ಲಿಸಿದರೆ ಕೂತವರ ತಾಳ್ಮೆ ಬೇಗ ಮುಗಿಯುತ್ತೆ, ಅದು ಅವರಿಗೂ ಗೊತ್ತು.

ಇನ್ನು ಬ್ಯಾಂಕ್ ಖಾತೆ, ವಿಳಾಸ, ನಾಮಿನಿ ಸರಿ ಇರಲಿ. ಏಳು ವರ್ಷ ಸತತವಾಗಿ ಡಿವಿಡೆಂಡ್ ತಗೊಳ್ಳದೆ ಇದ್ದರೆ ಷೇರೇ ಸರ್ಕಾರದ ಹೂಡಿಕೆದಾರರ ನಿಧಿ ಐಇಪಿಎಫ್‌ಗೆ ಹೋಗುತ್ತೆ. ವಾಪಸ್ ತರೋಕೆ `IEPF-5` ಅರ್ಜಿ, ಅದರ ಹಿಂದೆ ಓಡಾಟ. ಎನ್‌ಸಿಎಲ್‌ಟಿ ನೋಟಿಸ್ ಹಳೇ ಮನೆಗೆ ಹೋಗಿ ವಾಪಸ್ ಬಂದರೆ, ನಿಮಗೆ ಗೊತ್ತಾಗೋದು ಷೇರು ಹೋದಮೇಲೆ.

ಬಸವನಗುಡಿ ಸೊಸೆ

ಇದನ್ನೆಲ್ಲ ಮಾವನವರಿಗೆ ಓದಿ ಹೇಳಿದೆ. ರಾಯಲ್ಟಿ ಅಂದ ತಕ್ಷಣ ಕಿವಿ ನೆಟ್ಟಗಾಯಿತು. "ನಾನಿದ್ದಾಗಲೇ ಅದು ಏರ್ತಿತ್ತು" ಅಂದರು. ಆಮೇಲೆ ಒಂದು ಗಂಟೆ ಮಾತಾಡಲಿಲ್ಲ. ಸಂಜೆ ಕಾಫಿ ಕುಡಿಯುವಾಗ ಕೇಳಿದರು, 150 ಕೊಟ್ಟು 70 ಇಟ್ಟುಕೊಳ್ಳಬಹುದಾ ಅಂತ. ಆಗುತ್ತಾ ಸರ್?

ರಾಜಾಜಿನಗರ ಸಿಎಸ್

ಆಗುತ್ತೆ, ಎಷ್ಟು ಬೇಕೋ ಅಷ್ಟು. ಪತ್ರದ ಜೊತೆ ಬಂದ ಫಾರ್ಮ್ ತುಂಬಿ, ಅದರಲ್ಲಿ ಕೊಟ್ಟಿರೋ ಎಸ್ಕ್ರೋ ಡಿಮ್ಯಾಟ್ ಖಾತೆಗೆ 150 ಷೇರು ವರ್ಗಾಯಿಸಿ, ಫಾರ್ಮ್ ರಿಜಿಸ್ಟ್ರಾರ್‌ಗೆ ಕಳಿಸಬೇಕು. ಬ್ರೋಕರ್ ಆ್ಯಪ್‌ನಲ್ಲಿ ಮಾರೋ ಬಟನ್ ಹುಡುಕಬೇಡಿ, ಅದು ಅಲ್ಲಿ ಇರಲ್ಲ. ಕೊನೇ ವಾರಕ್ಕೆ ಇಡಬೇಡಿ. ಸಹಿ ಹೊಂದಲಿಲ್ಲ ಅಂತ ಸ್ಲಿಪ್ ವಾಪಸ್ ಬಂದರೆ ಹತ್ತು ದಿನ ಹಾಗೇ ಹೋಗುತ್ತೆ.

70 ಯಾಕೆ ಅಂತ ಕೇಳಬಹುದಾ?

ಬಸವನಗುಡಿ ಸೊಸೆ

ಅಷ್ಟು ಷೇರು ಅವರ ಮೊದಲ ಬೋನಸ್ ದುಡ್ಡಲ್ಲಿ ಕೊಂಡಿದ್ದಂತೆ. ಎಜಿಎಂಗೆ ಹೋಗಿ ರಾಯಲ್ಟಿ ಬಗ್ಗೆ ಕೇಳಬೇಕು, ಅದಕ್ಕೆ ಒಂದಾದರೂ ಷೇರು ಇರಬೇಕು ಅಂತಾರೆ.

ಪೀಣ್ಯ ಎರಡನೇ ಹಂತ

ಎಜಿಎಂ ಯಾವಾಗ ಅಂತ ಹೇಳಿ ಮೇಡಂ. ನನ್ನದೂ ಅದೇ ಕಂಪನಿ ಅನ್ನಿಸುತ್ತೆ, ಒಂದು ಕೋಟಿ ಷೇರು, ಪೀಣ್ಯ.

ಬಸವನಗುಡಿ ಸೊಸೆ

ಇಲ್ಲ ಸರ್, ನಿಮ್ಮದು ಮೂರು ವರ್ಷದ ಹಿಂದೆ ಅಂದ್ರಿ, ನಮ್ಮದು ಹೋದ ವರ್ಷ.

ಇವತ್ತು ಡಿಐಎಸ್ ಪುಸ್ತಕ ಸಿಕ್ಕಿತು. 2011ರದ್ದು. ಬ್ರೋಕರ್ ಆಫೀಸಿಗೆ ಹೋದರೆ ಹೊಸದು ತಗೊಳ್ಳಿ ಅಂದರು. ಅದಕ್ಕೂ ಮಾವನವರ ಸಹಿ ಹೊಂದಬೇಕಂತೆ. ಈಗ ಅವರ ಕೈ ಸ್ವಲ್ಪ ನಡುಗುತ್ತೆ. ನಾಳೆ ಅವರನ್ನೇ ಆಟೋದಲ್ಲಿ ಕರ್ಕೊಂಡು ಹೋಗ್ತೀನಿ.